ಹಣಕಾಸು ಮಾಹಿತಿಯ ಗುಣಲಕ್ಷಣಗಳು: ಕೊಂಡ ಬೆಲೆ ಮತ್ತು ಇಂದಿನ ಬೆಲೆ

ಹೂಡಿಕೆದಾರರು ಮತ್ತು ಸಾಲ ಕೊಡುವವರು ಕಂಪನಿಯ ಲೆಕ್ಕಪತ್ರವನ್ನು ನೆಚ್ಚಿ ನಿರ್ಧಾರ ಕೈಗೊಳ್ಳಬೇಕಾದರೆ ಅದರಲ್ಲಿ ಎರಡು ಮೂಲಗುಣಗಳಿರಬೇಕು ಎಂದು ಇಂದಿನ ಅಂತರರಾಷ್ಟ್ರೀಯ ಚೌಕಟ್ಟು ಹೇಳುತ್ತದೆ. ಮೊದಲನೆಯದು ಪ್ರಸ್ತುತತೆ, ಅಂದರೆ ಮಾಹಿತಿ ಓದುಗನ ನಿರ್ಧಾರವನ್ನು ಬದಲಿಸುವಂತಿರಬೇಕು. ಎರಡನೆಯದು ಯಥಾರ್ಥ ನಿರೂಪಣೆ, ಅಂದರೆ ಮಾಹಿತಿ ಪೂರ್ಣವಾಗಿ, ಪಕ್ಷಪಾತವಿಲ್ಲದೆ, ತಪ್ಪಿಲ್ಲದೆ ಇರಬೇಕು. ಹೋಲಿಕೆಗೆ ಒದಗುವುದು, ಪರಿಶೀಲನೆಗೆ ಸಿಗುವುದು, ಸಕಾಲದಲ್ಲಿ ತಲುಪುವುದು, ಅರ್ಥವಾಗುವುದು ಇವು ಪೂರಕ ಗುಣಗಳು. ಸ್ವತ್ತನ್ನು ಕೊಂಡ ಬೆಲೆಗೆ ಬರೆಯಬೇಕೋ ಇಂದಿನ ಬೆಲೆಗೋ ಎಂಬ ಹಳೆಯ ಜಗಳವೇ ಈ ಗುಣಗಳ ಚರ್ಚೆಯನ್ನು ಬೆಳೆಸಿತು.

1920ರ ದಶಕದಲ್ಲಿ ಅಮೆರಿಕದ ಹಲವು ಕಂಪನಿಗಳು, ಅದರಲ್ಲೂ ವಿದ್ಯುತ್ ಕಂಪನಿಗಳ ಒಡೆತನ ಹೊಂದಿದ್ದ ಸಂಸ್ಥೆಗಳು, ತಮ್ಮ ಸ್ವತ್ತಿನ ಬೆಲೆಯನ್ನು ತಾವೇ ಏರಿಸಿಕೊಂಡು ಬರೆದವು. ಈ ವ್ಯವಹಾರಗಳ ತನಿಖೆಯಲ್ಲಿ ವಕೀಲರಾಗಿ ದುಡಿದ ರಾಬರ್ಟ್ ಹೀಲಿ 1934ರಲ್ಲಿ ಷೇರುಪೇಟೆ ನಿಯಂತ್ರಣ ಆಯೋಗದ ಮೊದಲ ಸದಸ್ಯರಲ್ಲೊಬ್ಬರಾದರು. ಬೆಲೆ ಏರಿಸಿ ಬರೆಯುವುದನ್ನು ಅವರು ಕಟುವಾಗಿ ವಿರೋಧಿಸಿದರು. ಅಲ್ಲಿಂದ ಮುಂದೆ ದಶಕಗಳ ಕಾಲ ಅಮೆರಿಕದಲ್ಲಿ ಕೊಂಡ ಬೆಲೆಯೇ ನಿಯಮವಾಯಿತು. ಅದಕ್ಕೆ ರಸೀದಿ ಇರುತ್ತದೆ, ಇಬ್ಬರು ಲೆಕ್ಕಪರಿಶೋಧಕರು ನೋಡಿದರೂ ಒಂದೇ ಅಂಕಿ ಸಿಗುತ್ತದೆ.

1970ರ ದಶಕದ ಬೆಲೆಯೇರಿಕೆ ಈ ನೆಮ್ಮದಿಯನ್ನು ಕದಡಿತು. ಹದಿನೈದು ವರ್ಷದ ಹಿಂದೆ ಕೊಂಡ ಯಂತ್ರದ ಮೇಲೆ ಹಳೆಯ ಬೆಲೆಗೇ ಸವಕಳಿ ಕಳೆದರೆ ಲಾಭ ಉಬ್ಬಿ ಕಾಣುತ್ತದೆ, ಆ ಲಾಭವನ್ನು ಹಂಚಿಬಿಟ್ಟರೆ ಹೊಸ ಯಂತ್ರಕ್ಕೆ ಹಣ ಉಳಿಯುವುದಿಲ್ಲ. ಬ್ರಿಟನ್ನಿನ ಸ್ಯಾಂಡಿಲ್ಯಾಂಡ್ಸ್ ಸಮಿತಿ 1975ರಲ್ಲಿ ಪ್ರಚಲಿತ ವೆಚ್ಚದ ಲೆಕ್ಕವನ್ನು ಶಿಫಾರಸು ಮಾಡಿತು. ಬೆಲೆಯೇರಿಕೆ ತಗ್ಗುತ್ತಲೇ ಆ ಉತ್ಸಾಹವೂ ತಗ್ಗಿತು. ಆದರೆ ಪ್ರಶ್ನೆ ಉಳಿಯಿತು. 1980ರಲ್ಲಿ ಅಮೆರಿಕದ ಹಣಕಾಸು ಲೆಕ್ಕಪತ್ರ ಮಾನದಂಡ ಮಂಡಳಿ ಪ್ರಸ್ತುತತೆ ಮತ್ತು ವಿಶ್ವಾಸಾರ್ಹತೆಯನ್ನು ಪ್ರಧಾನ ಗುಣಗಳೆಂದು ಹೆಸರಿಸಿ, ಒಂದನ್ನು ಹೆಚ್ಚಿಸಿಕೊಳ್ಳಲು ಇನ್ನೊಂದನ್ನು ಕೊಂಚ ಬಿಟ್ಟುಕೊಡಬೇಕಾದೀತು ಎಂದು ಒಪ್ಪಿಕೊಂಡಿತು.

ವಿಶ್ವಾಸಾರ್ಹತೆ ಎಂದರೆ ಪರಿಶೀಲನೆಗೆ ಸಿಗುವುದು ಎಂದಷ್ಟೇ ಹಲವರು ತಿಳಿದುಕೊಂಡಿದ್ದರು. 2010ರಲ್ಲಿ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಮಂಡಳಿಗಳು ಒಟ್ಟಾಗಿ ಆ ಪದವನ್ನು ಕೈಬಿಟ್ಟು ಯಥಾರ್ಥ ನಿರೂಪಣೆಯನ್ನು ತಂದವು. ಪರಿಶೀಲನೆಗೆ ಸಿಗುವ ಗುಣ ಪೂರಕಗಳ ಸಾಲಿಗೆ ಇಳಿಯಿತು. ಇದು ಬರಿಯ ಪದದ ಬದಲಾವಣೆಯಲ್ಲ: ಅಂದಾಜಿನ ಮೇಲೆ ನಿಂತ ಬೆಲೆಗೂ ಲೆಕ್ಕಪತ್ರದಲ್ಲಿ ಜಾಗ ಸಿಗುವ ದಾರಿ ಇದರಿಂದ ಅಗಲವಾಯಿತು. 2018ರ ಅಂತರರಾಷ್ಟ್ರೀಯ ಚೌಕಟ್ಟು ಎರಡೂ ಅಳತೆಗಳನ್ನು ಉಳಿಸಿಕೊಂಡು, ಸ್ವತ್ತಿನಿಂದ ಹಣ ಹೇಗೆ ಕೈಗೆ ಬರುತ್ತದೆ ಎಂಬುದನ್ನು ನೋಡಿ ಆಯ್ದುಕೊಳ್ಳಬೇಕೆಂದಿತು.

ಆ ಆಯ್ಕೆ ಎಷ್ಟು ಸೂಕ್ಷ್ಮ ಎಂಬುದನ್ನು ಒಂದು ಸರಳ ಲೆಕ್ಕದಲ್ಲಿ ನೋಡಬಹುದು. ವರ್ಷಕ್ಕೆ ಶೇ. 2 ಬಡ್ಡಿಯ, 10 ವರ್ಷದ ಬಾಂಡನ್ನು ಬ್ಯಾಂಕೊಂದು 100 ರೂಪಾಯಿಗೆ ಕೊಂಡಿತೆನ್ನೋಣ. ಅದಾದ ಕೂಡಲೇ ಪೇಟೆಯ ಬಡ್ಡಿ ಶೇ. 4.5ಕ್ಕೆ ಏರಿದರೆ ಆ ಬಾಂಡಿಗೆ ಸುಮಾರು 80 ರೂಪಾಯಿಗಿಂತ ಹೆಚ್ಚು ಕೊಡುವವರಿಲ್ಲ. ಕೊಂಡ ಬೆಲೆಯ ಲೆಕ್ಕದಲ್ಲಿ ಅದು ಇನ್ನೂ 100. ಅವಧಿ ಮುಗಿಯುವವರೆಗೆ ಇಟ್ಟುಕೊಂಡರೆ 100 ಬರುವುದೂ ನಿಜ. ಠೇವಣಿದಾರರು ನಾಳೆಯೇ ಬಂದು ನಿಂತರೆ ಕೈಗೆ ಸಿಗುವುದು 80 ಮಾತ್ರ.

ಕ್ಯಾಲಿಫೋರ್ನಿಯಾದ ಸಿಲಿಕಾನ್ ವ್ಯಾಲಿ ಬ್ಯಾಂಕಿನಲ್ಲಿ ಆದದ್ದು ಇದೇ. 2022ರ ಕೊನೆಗೆ, ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳುವುದೆಂದು ವರ್ಗೀಕರಿಸಿದ್ದ ಅದರ ಸಾಲಪತ್ರಗಳು ಕೊಂಡ ಬೆಲೆಯ ಲೆಕ್ಕದಲ್ಲಿ ಸುಮಾರು 91 ಶತಕೋಟಿ ಡಾಲರ್. ಪೇಟೆ ಬೆಲೆ ಸುಮಾರು 76 ಶತಕೋಟಿ. ನಡುವಿನ 15 ಶತಕೋಟಿ ಷೇರುದಾರರ ಬಂಡವಾಳವನ್ನು ಹೆಚ್ಚುಕಡಿಮೆ ನುಂಗುವಷ್ಟಿತ್ತು. ಪೇಟೆ ಬೆಲೆಯನ್ನು ಬ್ಯಾಂಕು ಬಚ್ಚಿಟ್ಟಿರಲಿಲ್ಲ, ಬ್ಯಾಲೆನ್ಸ್ ಶೀಟಿನ ಅದೇ ಸಾಲಿನಲ್ಲಿ ಆವರಣದೊಳಗೆ ಅಚ್ಚಾಗಿತ್ತು. ಆದರೆ ಬಂಡವಾಳದ ಮೊತ್ತದಿಂದ ಆ ನಷ್ಟ ಕಳೆದಿರಲಿಲ್ಲ. 2023ರ ಮಾರ್ಚ್ 9ರಂದು ಒಂದೇ ದಿನ ಸುಮಾರು 42 ಶತಕೋಟಿ ಡಾಲರ್ ಠೇವಣಿ ಹೊರಹೋಯಿತು, ಮರುದಿನ ಬ್ಯಾಂಕು ಮುಚ್ಚಿತು. ಕೊಂಡ ಬೆಲೆಯ ಅಂಕಿ ನಿಂತದ್ದು ‘ಕೊನೆಯವರೆಗೆ ಇಟ್ಟುಕೊಳ್ಳುತ್ತೇವೆ’ ಎಂಬ ಮಾತಿನ ಮೇಲೆ. ಬ್ಯಾಂಕಿನ ಲೆಕ್ಕ ಓದುವವರು ಆ ಮಾತನ್ನು ಉಳಿಸಿಕೊಳ್ಳುವ ಶಕ್ತಿ ಅದಕ್ಕಿದೆಯೇ ಎಂದು ನೋಡಬೇಕು: ವಿಮೆಯಿಲ್ಲದ ಠೇವಣಿ ಎಷ್ಟು, ಬಾಂಡುಗಳ ಅವಧಿ ಎಷ್ಟು ಉದ್ದ?

ಇದರಿಂದ ಪೇಟೆ ಬೆಲೆಯೇ ಸರಿ ಎಂದಾಗುವುದಿಲ್ಲ. 2008ರ ಬಿಕ್ಕಟ್ಟಿನಲ್ಲಿ ಕೊಳ್ಳುವವರೇ ಇಲ್ಲದ ಅಡಮಾನ ಪತ್ರಗಳಿಗೆ ಬೆಲೆ ಕಟ್ಟಲು ಕಂಪನಿಗಳು ತಮ್ಮದೇ ಊಹೆಗಳ ಸೂತ್ರಗಳಿಗೆ ಮೊರೆಹೋಗಬೇಕಾಯಿತು. ಆ ಅಂಕಿಗಳನ್ನು ಹೊರಗಿನವರು ಪರೀಕ್ಷಿಸುವುದು ಕಷ್ಟ.

ಭಾರತದಲ್ಲಿ 2016ರಿಂದ ದೊಡ್ಡ ಕಂಪನಿಗಳಿಗೆ ಜಾರಿಯಾದ ಇಂಡ್ ಎಎಸ್ ಮಾನದಂಡಗಳು ಈ ವಿಷಯದಲ್ಲಿ ಎಚ್ಚರ ವಹಿಸಿವೆ. ಬಾಡಿಗೆಗಾಗಿ ಇಟ್ಟುಕೊಂಡ ಕಟ್ಟಡವನ್ನು ಅಂತರರಾಷ್ಟ್ರೀಯ ನಿಯಮದಂತೆ ಎರಡರಲ್ಲಿ ಯಾವ ಬೆಲೆಗಾದರೂ ಬರೆಯಬಹುದು. ಇಲ್ಲಿ ಕೊಂಡ ಬೆಲೆಯೊಂದೇ, ಇಂದಿನ ಬೆಲೆ ಟಿಪ್ಪಣಿಯಲ್ಲಿ. ಕಾಫಿ ತೋಟದ ಕಂಪನಿಯ ಲೆಕ್ಕದಲ್ಲಿ ಎರಡೂ ಒಂದೇ ಗಿಡದಲ್ಲಿ ಕೂಡುತ್ತವೆ. ವರ್ಷಗಟ್ಟಲೆ ಫಸಲು ಕೊಡುವ ಗಿಡವನ್ನು ಸಾಮಾನ್ಯವಾಗಿ ಬೆಳೆಸಿದ ವೆಚ್ಚದಲ್ಲಿ ಸವಕಳಿ ಕಳೆದು ಬರೆಯುತ್ತಾರೆ. ಅದರ ಮೇಲಿನ ಕಾಯಿಗೆ ಮಾರಾಟದ ಖರ್ಚು ಕಳೆದ ಇಂದಿನ ಬೆಲೆ.