ಡೆನ್ವರ್ ಭೂಮಾಲೀಕರ ಎರಡು ದಾವೆಗಳು

ಅಮೆರಿಕದ ಕೊಲರಾಡೋ ರಾಜ್ಯದ ಡೆನ್ವರ್ ನಗರದ ಭೂಮಾಲೀಕರ ತೆರಿಗೆ ತಕರಾರು ಏಳು ವರ್ಷಗಳ ಅಂತರದಲ್ಲಿ ಎರಡು ಸಲ ಆ ದೇಶದ ಸುಪ್ರೀಂ ಕೋರ್ಟಿಗೆ ಹೋಯಿತು. ಎರಡು ಸಲವೂ ದೂರು ಒಂದೇ: ಹೊರೆ ಹೇರುವ ಮೊದಲು ನಮ್ಮ ಅಹವಾಲು ಕೇಳಲಿಲ್ಲ. 1908ರಲ್ಲಿ ಅವರು ಗೆದ್ದರು, 1915ರಲ್ಲಿ ಸೋತರು. ಶಾಸನ ಮಾಡುವಾಗ ಸರ್ಕಾರ ಯಾರ ಮಾತನ್ನೂ ಕೇಳಬೇಕಾಗಿಲ್ಲ, ತೀರ್ಪು ಕೊಡುವಾಗ ಕೇಳಲೇಬೇಕು ಎಂಬ ಭೇದವನ್ನು ಇಂದಿಗೂ ಈ ಜೋಡಿ ತೀರ್ಪುಗಳಿಂದಲೇ ವಿವರಿಸುತ್ತಾರೆ.

ಮೊದಲನೆಯದು ಲಂಡನರ್ ಪ್ರಕರಣ. ನಗರಸಭೆ ಒಂದು ರಸ್ತೆಗೆ ಹಾಸು ಹಾಕಿಸಿ, ವೆಚ್ಚವನ್ನು ಅಕ್ಕಪಕ್ಕದ ನಿವೇಶನಗಳ ಮೇಲೆ ಹಂಚಿತು. ಮಾಲೀಕರು ಲಿಖಿತ ಆಕ್ಷೇಪಣೆ ಸಲ್ಲಿಸಿದರು. ಅದಕ್ಕೆ ಅವಕಾಶವಿತ್ತು, ಎದುರು ನಿಂತು ವಾದಿಸಲು ಅವಕಾಶ ಸಿಗಲಿಲ್ಲ. ಕಾಗದ ಕೊಟ್ಟರೆ ಸಾಲದು, ಚುಟುಕಾಗಿಯಾದರೂ ವಾದ ಮಂಡಿಸಲು, ಬೇಕಾದರೆ ಪುರಾವೆ ಒದಗಿಸಲು ಆಸ್ಪದ ಇರಬೇಕು ಎಂದು ಕೋರ್ಟು ಆ ತೆರಿಗೆಯನ್ನು ತಳ್ಳಿಹಾಕಿತು.

ಇದೇ ತೀರ್ಪಿನ ಇನ್ನೊಂದು ಭಾಗದತ್ತ ಓದುಗರ ಗಮನ ಹೋಗುವುದು ಕಡಿಮೆ. ರಸ್ತೆ ಮಾಡಬೇಕೆಂದು ನಗರಸಭೆ ತೀರ್ಮಾನಿಸಿದ ಹಂತದಲ್ಲೂ ಮಾಲೀಕರನ್ನು ವಿಚಾರಿಸಿರಲಿಲ್ಲ. ಅದರಲ್ಲಿ ಕೋರ್ಟಿಗೆ ದೋಷ ಕಾಣಲಿಲ್ಲ. ರಸ್ತೆ ಬೇಕೋ ಬೇಡವೋ ಎಂಬುದು ಊರಿನ ನೀತಿಯ ಪ್ರಶ್ನೆ. ಅದರ ವೆಚ್ಚದಲ್ಲಿ ಈ ನಿವೇಶನದ ಪಾಲೆಷ್ಟು ಎಂಬುದು ಒಬ್ಬ ಮಾಲೀಕನ ಪ್ರಶ್ನೆ. ಶಾಸನಕ್ಕೂ ನ್ಯಾಯನಿರ್ಣಯಕ್ಕೂ ನಡುವಿನ ಗೆರೆ ಒಂದೇ ಕಾಮಗಾರಿಯ ಎರಡು ಹಂತಗಳ ನಡುವೆ ಹಾದುಹೋಗಿತ್ತು.

ಎರಡನೆಯ ಪ್ರಕರಣದಲ್ಲಿ ಆಡಳಿತದ ಹೆಜ್ಜೆ ಇನ್ನೂ ದೊಡ್ಡದು. ಡೆನ್ವರಿನ ತೆರಿಗೆಗೊಳಪಟ್ಟ ಎಲ್ಲ ಆಸ್ತಿಗಳ ಮೌಲ್ಯವನ್ನು ರಾಜ್ಯದ ಮಂಡಳಿಗಳು ಒಂದೇ ಆದೇಶದಿಂದ ಶೇ. 40ರಷ್ಟು ಏರಿಸಿದವು. ಬೈಮೆಟಾಲಿಕ್ ಇನ್ವೆಸ್ಟ್‌ಮೆಂಟ್ ಕಂಪನಿ ದಾವೆ ಹೂಡಿತು. ತೀರ್ಪು ಬರೆದವರು ನ್ಯಾಯಮೂರ್ತಿ ಹೋಮ್ಸ್, ಲಂಡನರ್ ಪ್ರಕರಣದಲ್ಲಿ ಬಹುಮತಕ್ಕೆ ಒಪ್ಪದಿದ್ದ ಇಬ್ಬರಲ್ಲಿ ಒಬ್ಬರು. ಮಾಲೀಕರಿಗೆ ಪ್ರತ್ಯೇಕ ಅವಕಾಶ ಸಿಕ್ಕಿರಲೇ ಇಲ್ಲ ಎಂದೇ ಇಟ್ಟುಕೊಂಡರೂ ಆದೇಶ ಸಿಂಧು ಎಂದರು. ಕೆಲವರಿಗಿಂತ ಹೆಚ್ಚು ಮಂದಿಗೆ ಅನ್ವಯಿಸುವ ನಿಯಮದ ರಚನೆಯಲ್ಲಿ ಪ್ರತಿಯೊಬ್ಬರಿಗೂ ನೇರ ದನಿ ಕೊಡುವುದು ಅಸಾಧ್ಯ. ನಿಯಮ ಮಾಡುವವರ ಮೇಲೆ ಜನರಿಗಿರುವ ಹತ್ತಿರದ ಅಥವಾ ದೂರದ ಹಿಡಿತವೇ ಅವರ ರಕ್ಷಣೆ ಎಂಬುದು ಹೋಮ್ಸ್ ಕೊಟ್ಟ ಕಾರಣ. ಲಂಡನರ್ ಪ್ರಕರಣದಲ್ಲಾದರೋ ಕೆಲವೇ ಜನ, ಒಬ್ಬೊಬ್ಬರಿಗೂ ಅವರವರದೇ ಆದ ಕಾರಣಕ್ಕೆ ಪೆಟ್ಟು ತಿಂದವರು.

ತಲೆಎಣಿಕೆ ಇಲ್ಲಿ ಪೂರ್ತಿ ಉತ್ತರವಲ್ಲ. ಸಾವಿರ ಡಾಲರಿನ ಮನೆ ಸಾವಿರದ ನಾನೂರಾಗುತ್ತದೆ, ಹತ್ತು ಸಾವಿರದ್ದು ಹದಿನಾಲ್ಕು ಸಾವಿರವಾಗುತ್ತದೆ. ಈ ಗುಣಾಕಾರಕ್ಕೆ ಮಾಲೀಕ ತನ್ನ ಮನೆಯ ಬಗ್ಗೆ ಏನು ಹೇಳಿದರೂ ಸಂಬಂಧವಿಲ್ಲ. ಡೆನ್ವರಿನ ಮೌಲ್ಯಮಾಪನ ಒಟ್ಟಾರೆ ಕಡಿಮೆಯಿತ್ತೇ ಎಂಬುದೊಂದೇ ಪ್ರಶ್ನೆ. ನಿವೇಶನದ ಪಾಲಿನ ವಿಷಯ ಹಾಗಲ್ಲ. ಅಲ್ಲಿ ಅದರ ಅಗಲ, ಅದಕ್ಕಾದ ಪ್ರಯೋಜನ ಮಾಲೀಕನಿಗೆ ಚೆನ್ನಾಗಿ ಗೊತ್ತಿರುವ ಸಂಗತಿಗಳು. 1942ರಲ್ಲಿ ಕೆನೆತ್ ಕಲ್ಪ್ ಡೇವಿಸ್ ಎಂಬ ವಿದ್ವಾಂಸರು ಮೊದಲ ಬಗೆಯನ್ನು ಶಾಸನಾತ್ಮಕ ಸಂಗತಿ, ಎರಡನೆಯದನ್ನು ನಿರ್ಣಯಾತ್ಮಕ ಸಂಗತಿ ಎಂದು ಬೇರ್ಪಡಿಸಿದ್ದು ಈ ಗೊಂದಲ ಬಿಡಿಸಲು. ಆದರೂ ಶೇ. 40ರ ಆದೇಶದಲ್ಲಿ ನೋವಿನ ಜಾಗವೊಂದು ಉಳಿಯುತ್ತದೆ: ಮೊದಲೇ ಪೂರ್ಣ ಮೌಲ್ಯ ಕಟ್ಟಿಸಿಕೊಂಡಿದ್ದ ಮನೆಯವನಿಗೆ ಅದು ಅನ್ಯಾಯವೇ.

ಭಾರತದಲ್ಲಿ ಇದೇ ಗೆರೆ 1987ರ ಸೈನಮೈಡ್ ಪ್ರಕರಣದಲ್ಲಿ ಸ್ಪಷ್ಟವಾಗುತ್ತದೆ. 1979ರ ಔಷಧ ಬೆಲೆ ನಿಯಂತ್ರಣ ಆದೇಶದಡಿ ಸರ್ಕಾರ ನಿಗದಿಮಾಡಿದ ಬೆಲೆಗಳನ್ನು ತಯಾರಕರು ಪ್ರಶ್ನಿಸಿದ್ದರು. ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರ ತೀರ್ಪಿನ ಪ್ರಕಾರ ಬೆಲೆ ನಿಗದಿ ಸಾಮಾನ್ಯವಾಗಿ ಶಾಸನಾತ್ಮಕ ಕೆಲಸ, ಅಲ್ಲಿ ಸಹಜ ನ್ಯಾಯದ ನಿಯಮಗಳು ಬರುವುದಿಲ್ಲ. ಆದರೆ ಒಬ್ಬ ವ್ಯಕ್ತಿಯಿಂದ ಸರಕನ್ನು ವಶಪಡಿಸಿಕೊಂಡು ಅವನಿಗೆಂದೇ ಬೆಲೆ ಕಟ್ಟುವಾಗ ಕೆಲಸದ ಸ್ವರೂಪ ಬದಲಾಗಿ ಅರೆನ್ಯಾಯಿಕ ಆಗಬಹುದು. ಎಲ್ಲ ತಯಾರಕರಿಗೂ ಒಂದು ದರ, ಒಬ್ಬನ ದಾಸ್ತಾನಿಗೆ ಒಂದು ದರ: ಡೆನ್ವರಿನ ಆಸ್ತಿಮೌಲ್ಯ ಮತ್ತು ನಿವೇಶನಪಾಲಿನ ವ್ಯತ್ಯಾಸ ಇದೇ.

ಸಹಜ ನ್ಯಾಯ ಕೇಳದಿದ್ದನ್ನು ಶಾಸಕಾಂಗ ಕೇಳಬಹುದು. 1946ರ ಅಮೆರಿಕದ ಆಡಳಿತ ಕಾರ್ಯವಿಧಾನ ಕಾಯ್ದೆ ನಿಯಮ ರಚನೆಗೆ ಮುನ್ಸೂಚನೆ ಮತ್ತು ಸಾರ್ವಜನಿಕರ ಲಿಖಿತ ಅಭಿಪ್ರಾಯಕ್ಕೆ ಅವಕಾಶ ಕಡ್ಡಾಯ ಮಾಡಿತು. ನಮ್ಮಲ್ಲಿ ಮೂಲ ಕಾಯ್ದೆಯೇ ಮುಂಚಿತ ಪ್ರಕಟಣೆಯ ಷರತ್ತು ಹಾಕಿದ್ದರೆ, 1897ರ ಸಾಮಾನ್ಯ ಖಂಡಗಳ ಕಾಯ್ದೆಯ 23ನೇ ಕಲಂ ಅನ್ವಯಿಸುತ್ತದೆ: ಕರಡು ಪ್ರಕಟಿಸಿ, ಪರಿಗಣನೆಗೆ ದಿನಾಂಕ ಸೂಚಿಸಿ, ಅದಕ್ಕೆ ಮೊದಲು ಬಂದ ಆಕ್ಷೇಪಣೆಗಳನ್ನು ಪರಿಶೀಲಿಸಬೇಕು. ಎದುರು ನಿಂತು ವಾದಿಸುವ ಹಕ್ಕು ಇದರಲ್ಲಿಲ್ಲ. ಅಂತಿಮ ನಿಯಮ ರಾಜ್ಯಪತ್ರದಲ್ಲಿ ಬಂದರೆ ಅದು ಕ್ರಮಬದ್ಧವಾಗಿ ರಚನೆಯಾಗಿದೆ ಎಂಬುದಕ್ಕೆ ಆ ಪ್ರಕಟಣೆಯೇ ನಿರ್ಣಾಯಕ ಪುರಾವೆ ಎಂದೂ ಅದೇ ಕಲಂ ಹೇಳುತ್ತದೆ. ಹೀಗಾಗಿ ಕರಡಿನ ಗಡುವು ದಾಟಿದ ಮೇಲೆ ಅಹವಾಲು ಕೇಳಲಿಲ್ಲವೆಂದು ಕೋರ್ಟಿಗೆ ಹೋಗುವವನ ದಾರಿ ಬಹಳ ಕಿರಿದಾಗುತ್ತದೆ.