ಹಿಟ್ಟಿನ ಹುಂಜ ಮತ್ತು ಬಾವಿಯ ನೀರು

ಜೈನರ ಅಹಿಂಸೆ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಈರುಳ್ಳಿ ಇಲ್ಲದ ಅಡುಗೆ. ಆದರೆ ಅದರ ತಿರುಳು ತಿಳಿಯಬೇಕಾದರೆ ಜನ್ನ ಕವಿ 1209ರಲ್ಲಿ ಬರೆದು ಮುಗಿಸಿದ 'ಯಶೋಧರ ಚರಿತೆ'ಯ ಕತೆ ಕೇಳಬೇಕು. ಮಗನಿಗೆ ಕೆಟ್ಟ ಕನಸು ಬಿತ್ತೆಂದು ರಾಜಮಾತೆ ಚಂದ್ರಮತಿ ದೇವಿಗೆ ಪ್ರಾಣಿಬಲಿ ಕೊಡಲು ಹೇಳುತ್ತಾಳೆ. ಯಶೋಧರ ಒಪ್ಪುವುದಿಲ್ಲ. ಕೊನೆಗೆ ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನಿಂದ ಮಾಡಿದ ಹುಂಜವನ್ನು ಕಡಿಯುತ್ತಾನೆ. ಕಡಿದದ್ದು ಬರೀ ಹಿಟ್ಟು. ಆದರೂ ತಾಯಿ ಮಗ ಇಬ್ಬರೂ ನವಿಲು, ನಾಯಿ ಮುಂತಾಗಿ ಹಲವು ಪ್ರಾಣಿಜನ್ಮಗಳಲ್ಲಿ ತೊಳಲಬೇಕಾಗುತ್ತದೆ. ಕೊಲ್ಲುವ ಸಂಕಲ್ಪವೇ ಹಿಂಸೆ ಎನ್ನುವುದು ಇಲ್ಲಿಯ ತೀರ್ಪು. ನಿಯ್ಯತ್ತಿನ ಮಹತ್ವ ಬಲ್ಲ ಮುಸ್ಲಿಮ್ ಓದುಗರಿಗೆ ಈ ತರ್ಕ ತೀರಾ ಅಪರಿಚಿತವೆನಿಸದು.

ಈ ತೀರ್ಪಿಗೆ ಇನ್ನೊಂದು ಮುಖವಿದೆ. ಗೃಹಸ್ಥನು ಪೂರ್ತಿಯಾಗಿ ಬಿಡಬೇಕಾದುದು ಬೇಕೆಂದೇ ಮಾಡುವ ಸಂಕಲ್ಪ ಹಿಂಸೆಯನ್ನು. ಅಡುಗೆ, ಕಸಗುಡಿಸುವಿಕೆ, ದುಡಿಮೆ, ಆತ್ಮರಕ್ಷಣೆ ಇವುಗಳಲ್ಲಿ ತಾನಾಗಿ ಆಗುವ ಹಿಂಸೆ ಪಾಪವಲ್ಲವೆಂದಲ್ಲ, ಅದನ್ನು ಕಡಿಮೆ ಮಾಡುವುದಷ್ಟೇ ಅವನಿಂದ ಸಾಧ್ಯ. ಆದ್ದರಿಂದಲೇ ಗೊಮ್ಮಟನನ್ನು ಕಡೆಸಿದ ಚಾವುಂಡರಾಯ ಗಂಗರ ಸೇನಾಪತಿಯೂ ಆಗಿರಬಹುದಾಗಿತ್ತು. ಜೈನರೆಂದರೆ ವ್ಯಾಪಾರಿಗಳೇ ಎಂಬ ಮಾತೂ ಅರ್ಧಸತ್ಯ. ಬೆಳಗಾವಿ ಸೀಮೆಯಲ್ಲಿ ನೇಗಿಲು ಹಿಡಿದ ಜೈನರು ಬಹಳ. ಆದರೆ ಹೆಂಡ, ವಿಷ, ಆನೆದಂತ, ಅರಗು ಇವುಗಳ ವ್ಯಾಪಾರವನ್ನೂ ಕಾಡು ಕಡಿದು ಇದ್ದಿಲು ಸುಡುವುದನ್ನೂ ಶಾಸ್ತ್ರಗಳು ನಿಷೇಧಿಸಿವೆ. ಅಲ್ಲಿ ಹಿಂಸೆ ಆಕಸ್ಮಿಕವಲ್ಲ, ಕಸುಬಿನಲ್ಲೇ ಸೇರಿಕೊಂಡಿದೆ.

ಗೆಡ್ಡೆಗಳ ವಿಷಯವೂ ಹೀಗೆಯೇ. ಒಂದು ಮಾವಿನಹಣ್ಣು ಕಿತ್ತರೆ ಮರ ಉಳಿಯುತ್ತದೆ. ಗೆಡ್ಡೆ ಅಗೆದರೆ ಗಿಡವೇ ಹೋಗುತ್ತದೆ. ಸಾಲದ್ದಕ್ಕೆ, ಒಂದೇ ಗೆಡ್ಡೆಯಲ್ಲಿ ಅನಂತ ಜೀವಗಳು ವಾಸಿಸುತ್ತವೆಂಬುದು ಜೈನರ ನಂಬಿಕೆ. ರಾತ್ರಿ ಊಟದ ನಿಷೇಧಕ್ಕೆ, ದೀಪಕ್ಕೆ ಬರುವ ಹುಳುಗಳು ಅನ್ನಕ್ಕೆ ಬೀಳುತ್ತವೆಂಬುದೇ ಮುಖ್ಯ ಕಾರಣ. ವಿದ್ಯುತ್ ದೀಪ ಬಂದರೂ ವ್ರತಸ್ಥರು ಸೂರ್ಯಾಸ್ತದ ಮೊದಲೇ ಉಣ್ಣುತ್ತಾರೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ನೀರಿನ ಸಂಗತಿ. ಬಾವಿಯಿಂದ ಸೇದಿದ ನೀರನ್ನು ದಪ್ಪ ಬಟ್ಟೆಯ ಎರಡು ಮಡಿಕೆಯಲ್ಲಿ ಸೋಸುತ್ತಾರೆ. ಹಾಗೆ ಸೋಸಿದ ನೀರು 48 ನಿಮಿಷ ಮಾತ್ರ ಬಳಕೆಗೆ ಯೋಗ್ಯ. ಆಮೇಲೆ ಮತ್ತೆ ಸೋಸಬೇಕು. ಚೆನ್ನಾಗಿ ಕುದಿಸಿದ್ದಾದರೆ 24 ಗಂಟೆ ಇಡಬಹುದು. ನಾವಾದರೆ ಇಲ್ಲಿಗೆ ಕೆಲಸ ಮುಗಿಯಿತೆಂದುಕೊಳ್ಳುತ್ತೇವೆ. ಆದರೆ ನೀರು ಶುದ್ಧವಾಗಬೇಕೆಂಬುದಷ್ಟೇ ಉದ್ದೇಶವಲ್ಲ. ಬಟ್ಟೆಯಲ್ಲಿ ಉಳಿದ ಜೀವಿಗಳೂ ಬದುಕಬೇಕು. ಬಟ್ಟೆಯನ್ನು ಹಿಂಡುವಂತಿಲ್ಲ. ಅದನ್ನು ಮಗುಚಿ, ಸೋಸಿದ ನೀರು ಹೊಯ್ದು ತೊಳೆದು, ಆ ನೀರನ್ನು ಅದೇ ಬಾವಿಗೆ ಮರಳಿಸಬೇಕು. ಬೇರೆ ಬಾವಿಯ ನೀರು ಅವುಗಳಿಗೆ ಒಗ್ಗದಿರಬಹುದು. ಮೇಲಿನಿಂದ ಸುರಿದರೆ ಪೆಟ್ಟಾದೀತೆಂದು, ತಳಕ್ಕೆ ಬಳೆ ಹಾಕಿದ ಕೊಡವನ್ನು ನೀರಿನ ಮಟ್ಟದವರೆಗೆ ಇಳಿಸಿ ಅಲ್ಲಿಯೇ ಮೆಲ್ಲಗೆ ಬಗ್ಗಿಸುತ್ತಾರೆ.

ನಲ್ಲಿ, ಕೊಳವೆಬಾವಿಗಳು ಬಂದ ಮೇಲೆ ಕಷ್ಟವಾಗಿರುವುದು ಇಲ್ಲಿಯೇ. ನಲ್ಲಿಯ ನೀರನ್ನೂ ಸೋಸಬಹುದು, ಆದರೆ ಬಟ್ಟೆಯಲ್ಲಿ ಉಳಿದದ್ದನ್ನು ಎಲ್ಲಿಗೆ ಮರಳಿಸುವುದು? ದಿಗಂಬರ ಮುನಿಗಳ ಆಹಾರಕ್ಕೆ ಇಂದಿಗೂ ಕೊಡ ಇಳಿಯುವ ಬಾವಿಯನ್ನು ಹುಡುಕಿಕೊಂಡು ಹೋಗುವುದು ಇದೇ ಕಾರಣಕ್ಕೆ.