ಒಪ್ಪಿಗೆಯ ಮಾಪಕ: ಐದು ಅಂಶ, ಏಳು ಅಂಶ

ಕಾಲೇಜು ವಿದ್ಯಾರ್ಥಿಗಳ ತೃಪ್ತಿ ಸಮೀಕ್ಷೆಯಲ್ಲಿ ಒಂದು ಹೇಳಿಕೆಯನ್ನು ಎಷ್ಟರಮಟ್ಟಿಗೆ ಒಪ್ಪುತ್ತಾರೆಂದು ಅಳೆಯುವ ಮೆಟ್ಟಿಲುಗಳು. ಅಮೆರಿಕದ ರೆನ್ಸಿಸ್ ಲೈಕರ್ಟ್ 1932ರಲ್ಲಿ ಪ್ರಕಟಿಸಿದ ವಿಧಾನದಿಂದ ಐದು ಅಂಶಗಳ ರೂಪ ಹೆಸರಾಯಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ನ್ಯಾಕ್‌ನ ವಿದ್ಯಾರ್ಥಿ ಸಮೀಕ್ಷೆಯೂ 0ರಿಂದ 4ರವರೆಗಿನ ಐದು ಆಯ್ಕೆಗಳನ್ನೇ ಬಳಸಿದೆ.

ಐದರಲ್ಲಿ ಉತ್ತರಗಳೆಲ್ಲ ‘ಒಪ್ಪುತ್ತೇನೆ’ಯಲ್ಲೇ ಗುಂಪುಗಟ್ಟಿದರೆ ಗ್ರಂಥಾಲಯಕ್ಕೂ ಕ್ಯಾಂಟೀನಿಗೂ ವ್ಯತ್ಯಾಸ ಕಾಣುವುದಿಲ್ಲ, ಆಗ ಏಳು ನೆರವಾಗಬಹುದು. ಆದರೆ ಏಳರಲ್ಲಿ ‘ಸ್ವಲ್ಪಮಟ್ಟಿಗೆ ಒಪ್ಪುತ್ತೇನೆ’, ‘ಒಪ್ಪುತ್ತೇನೆ’ ಎರಡೂ ಬೇರೆಯೆಂದು ಓದುವವರಿಗೆ ಅನ್ನಿಸಬೇಕು. ಇದನ್ನು ತಿಳಿಯಲು ಸುಮಾರು ಮೂವತ್ತು ಮಂದಿಗೆ ಅದೇ ಪ್ರಶ್ನೆಗಳನ್ನು ಎರಡು ವಾರ ಬಿಟ್ಟು ಮತ್ತೆ ಕೊಡುತ್ತಾರೆ. ನಡುವೆ ಏನೂ ಬದಲಾಗದಿದ್ದರೂ ಹಲವರು 5ರಿಂದ 6ಕ್ಕೆ, 6ರಿಂದ 5ಕ್ಕೆ ಜಿಗಿದಿದ್ದರೆ ಹೆಚ್ಚಿನ ಮೆಟ್ಟಿಲು ಬರೀ ಗದ್ದಲ. ಮೊಬೈಲಿನ ಕಿರುಪರದೆಯಲ್ಲಿ ಏಳನೆಯ ಆಯ್ಕೆ ಅಂಚಿನಾಚೆ ಅಡಗುವ ತೊಂದರೆಯೂ ಉಂಟು.

ನಡುವೆ ಮಾಪಕ ಬದಲಿಸಿದರೆ ಹಳೆಯ ಸರಾಸರಿಯನ್ನು 7/5ರಿಂದ ಗುಣಿಸುವುದು ತಪ್ಪು, ಏಕೆಂದರೆ ಎಣಿಕೆ 1ರಿಂದ ಶುರು. ಐದರಲ್ಲಿ 4 ಬಂದಿದ್ದರೆ ಏಳರಲ್ಲಿ ಅದು 5.6 ಅಲ್ಲ, 5.5:

```
1 + (4 − 1) × 6 / 4 = 5.5
```

ಇದೂ ಅಂದಾಜೇ. ಹಿಂದಿನ ವರ್ಷಗಳ ಹೋಲಿಕೆ ಮುಖ್ಯವಾದ ಕಾಲೇಜು ಐದನ್ನೇ ಉಳಿಸಿಕೊಳ್ಳುವುದು ಲೇಸು.